ಧ್ವನಿಸಾಂಕೇತಿಕತೆ ಮತ್ತು ಅನುಕರಣ ಪದಗಳು

ಪದದ ಉಚ್ಚಾರಕ್ಕೂ ಅದರ ಅರ್ಥಕ್ಕೂ ಸಾಮ್ಯ ಕಂಡುಬರುವುದನ್ನು ಭಾಷಾವಿಜ್ಞಾನದಲ್ಲಿ ಧ್ವನಿಸಾಂಕೇತಿಕತೆ ಎನ್ನುತ್ತಾರೆ. ಈ ಸಾಮ್ಯವನ್ನೇ ನೆಚ್ಚಿಕೊಂಡ ಪದವರ್ಗವನ್ನು ಕನ್ನಡ ವ್ಯಾಕರಣ ಅನುಕರಣಾವ್ಯಯ ಎಂದು ಕರೆದು, ಧಗಧಗ, ಸರಸರ, ಥಳಥಳ ಮುಂತಾದವನ್ನು ಅದರಲ್ಲಿ ಸೇರಿಸಿದೆ. ಹೆಸರಿನಲ್ಲಿ ಅನುಕರಣೆ ಇದ್ದರೂ ಇವೆಲ್ಲ ಸದ್ದಿನ ಅನುಕರಣೆಗಳಲ್ಲ. ಥಳಥಳ ಹೊಳೆಯುವ ಕೊಡ ಸದ್ದು ಮಾಡುವುದಿಲ್ಲ. ಜನರಿಲ್ಲದ ಮನೆ ‘ಬಿಕೋ ಎನ್ನುತ್ತದೆ’ ಎಂದಾಗ ನಿಶ್ಶಬ್ದಕ್ಕೇ ಒಂದು ಉಚ್ಚಾರ ಕೊಟ್ಟು, ‘ಎನ್ನು’ ಎಂಬ ಕ್ರಿಯಾಪದದ ಮೂಲಕ ಮನೆಯ ಬಾಯಲ್ಲಿ ಅದನ್ನು ಆಡಿಸಿದಂತಾಗುತ್ತದೆ. ಹೆಸರಿಸುವುದಕ್ಕಿಂತ ಅನುಭವವನ್ನು ನಟಿಸಿ ತೋರಿಸುವುದೇ ಈ ಪದಗಳ ಕೆಲಸ. ಭಾಷೆಯ ಸಂಕೇತವೆಲ್ಲ ಯಾದೃಚ್ಛಿಕ ಎಂಬ ಸಿದ್ಧಾಂತಕ್ಕೆ ಅವು ತೊಡಕಾಗಿರುವುದೂ ಇದರಿಂದಲೇ.

ಚರ್ಚೆ ಹಳೆಯದು. ಪ್ಲೇಟೋನ ‘ಕ್ರಾಟಿಲಸ್’ ಸಂವಾದದಲ್ಲಿ ಹೆಸರುಗಳು ವಸ್ತುವಿನ ಸ್ವಭಾವಕ್ಕೆ ಹೊಂದುತ್ತವೆ ಎಂಬ ವಾದವೂ, ಅವು ಕೇವಲ ಒಪ್ಪಂದ ಎಂಬ ವಾದವೂ ಎದುರುಬದುರಾಗಿವೆ. ಆಧುನಿಕ ಕಾಲದಲ್ಲಿ ಎರಡನೆಯ ಪಕ್ಷ ಗೆದ್ದದ್ದು ಫರ್ಡಿನೆಂಡ್ ಡಿ ಸೊಸ್ಯೂರನ ಉಪನ್ಯಾಸಗಳಿಂದ. ಅವನ ನಿಧನಾನಂತರ, 1916ರಲ್ಲಿ, ಅವು ಪುಸ್ತಕವಾಗಿ ಪ್ರಕಟವಾದವು. ಅನುಕರಣ ಪದಗಳನ್ನು ಸೊಸ್ಯೂರ್ ಮರೆತಿರಲಿಲ್ಲ. ಅವುಗಳ ಬಗ್ಗೆ ಅವನು ಎತ್ತಿದ ಮೂರು ಆಕ್ಷೇಪಗಳು ಇಂದಿಗೂ ತೂಕವುಳ್ಳವು: ಇಂಥ ಪದಗಳು ತೀರ ಕಡಿಮೆ, ಅನುಕರಣೆಯಂತೆ ಕೇಳಿಸುವ ಎಷ್ಟೋ ಪದಗಳು ಧ್ವನಿ ಬದಲಾವಣೆಯಿಂದ ಅಕಸ್ಮಾತ್ತಾಗಿ ಹಾಗಾದವು, ನಿಜವಾದ ಅನುಕರಣೆಗಳೂ ಭಾಷೆಯಿಂದ ಭಾಷೆಗೆ ಬೇರೆಯಾಗುವುದರಿಂದ ಅವೂ ಅರ್ಧ ಒಪ್ಪಂದವೇ. ಮುಂದಿನ ನೂರು ವರ್ಷಗಳ ಸಂಶೋಧನೆಯನ್ನು ಈ ಮೂರಕ್ಕೆ ಬಂದ ಉತ್ತರವೆಂದು ಓದಬಹುದು.

ಮೊದಲ ಆಕ್ಷೇಪ ಯುರೋಪಿನ ಭಾಷೆಗಳನ್ನಷ್ಟೇ ನೋಡಿ ಹೇಳಿದ್ದು, ಅದು ನಿಲ್ಲುವುದಿಲ್ಲ. ಸೊಸ್ಯೂರನ ಪುಸ್ತಕ ಬರುವ ಮೊದಲೇ, 1907ರಲ್ಲಿ, ಡೀಡ್ರಿಕ್ ವೆಸ್ಟರ್‌ಮನ್ ಪಶ್ಚಿಮ ಆಫ್ರಿಕದ ಎವೆ ಭಾಷೆಯ ವ್ಯಾಕರಣದಲ್ಲಿ ‘ನಡೆ’ ಎಂಬ ಒಂದೇ ಕ್ರಿಯಾಪದದ ಜೊತೆ ಬರುವ ಹತ್ತಾರು ಇಂಥ ಪದಗಳನ್ನು ಪಟ್ಟಿಮಾಡಿದ್ದ. ಒಂದೊಂದೂ ಒಂದೊಂದು ನಡಿಗೆಯ ಚಿತ್ರ. ಫ್ರೆಂಚ್ ಚಿಂತಕ ಲೆವಿ-ಬ್ರೂಲ್ ಅದೇ ಸಾಮಗ್ರಿಯನ್ನು ಎತ್ತಿಕೊಂಡು ‘ಆದಿಮ ಮನಸ್ಸಿ’ನ ಗುರುತಾಗಿ ಬಳಸಿದ. ಜಪಾನಿ ಮತ್ತು ಕೊರಿಯನ್ ಭಾಷೆಗಳಲ್ಲೂ ಇಂಥ ಪದಗಳು ಸಾವಿರಗಟ್ಟಲೆ ಇವೆ ಎಂಬುದೊಂದೇ ಆ ವಾದವನ್ನು ಕೆಡವಲು ಸಾಕು. ಬಾಂಟು ಭಾಷೆಗಳಲ್ಲಿ ಇದು ಪ್ರತ್ಯೇಕ ಪದವರ್ಗವೆಂದು ಕ್ಲೆಮೆಂಟ್ ಡೋಕ್ 1935ರಲ್ಲಿ ಗುರುತಿಸಿ ‘ಐಡಿಯೋಫೋನ್’ ಎಂಬ ಹೆಸರನ್ನು ನೆಲೆಗೊಳಿಸಿದ. ಮಲೇಷ್ಯಾದ ಸೆಮಾಯ್ ಭಾಷೆಯ ಬಗ್ಗೆ ಜೆರಾರ್ ಡಿಫ್ಲೋತ್ 1970ರ ದಶಕದಲ್ಲಿ ಇದನ್ನೇ ತೋರಿಸಿದ. ಭಾರತದ ಮಟ್ಟಿಗೆ ಮುಖ್ಯವಾದದ್ದು ಎಂ. ಬಿ. ಎಮಿನೋ 1969ರಲ್ಲಿ ಬರೆದ ಲೇಖನ. ದ್ರಾವಿಡ ಮತ್ತು ಇಂಡೋ-ಆರ್ಯನ್ ಭಾಷೆಗಳು ಬೇರೆ ಕುಲದವಾದರೂ ಈ ಪದಗಳ ರಚನೆಯಲ್ಲಿ ಒಂದೇ ಪ್ರದೇಶದ ಲಕ್ಷಣ ತೋರುತ್ತವೆ ಎಂಬುದು ಅವನ ನಿರೂಪಣೆ.

ಎರಡನೆಯ ಆಕ್ಷೇಪಕ್ಕೆ ಸೊಸ್ಯೂರ್ ಕೊಟ್ಟ ಉದಾಹರಣೆ ಚಾಟಿ ಎಂಬರ್ಥದ ಫ್ರೆಂಚ್ ‘ಫ್ವೆ’. ಕಿವಿಗೆ ಚಾಟಿ ಬೀಸಿದಂತೆಯೇ ಕೇಳುತ್ತದೆ. ಆದರೆ ಅದರ ಮೂಲ ಬೀಚ್ ಮರವನ್ನು ಹೇಳುವ ಲ್ಯಾಟಿನ್ ‘ಫಾಗುಸ್’. ಹುಟ್ಟಿನ ವಿಷಯದಲ್ಲಿ ಸೊಸ್ಯೂರ್ ಹೇಳಿದ್ದು ಸರಿ. ಆದರೆ ಹುಟ್ಟು ಬೇರೆ, ಬಾಳು ಬೇರೆ. ಧ್ವನಿ ಬದಲಾವಣೆ ಕುರುಡು ಎಂಬುದು ನಿಜವಾದರೆ ಅನುಕರಣ ಪದಗಳೂ ಅದಕ್ಕೆ ಸಿಕ್ಕಿ ಬದಲಾಗಬೇಕಿತ್ತು. ಕನ್ನಡದಲ್ಲೇ ಇದನ್ನು ಪರೀಕ್ಷಿಸಬಹುದು. ಹಳಗನ್ನಡದ ಪದಾದಿಯ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಆದರೆ ಬಾವುಟ ಇಂದಿಗೂ ಪಟಪಟ ಹಾರುತ್ತದೆ, ಮಗು ಪಿಳಿಪಿಳಿ ಕಣ್ಣುಬಿಡುತ್ತದೆ, ಗುಟ್ಟನ್ನು ಪಿಸುಪಿಸು ಹೇಳುತ್ತಾರೆ. ತುಟಿ ಮುಚ್ಚಿ ತಟ್ಟನೆ ತೆರೆಯುವ ಪಕಾರವಿಲ್ಲದೆ ಈ ಚಿತ್ರಗಳು ನಿಲ್ಲವು. ಇವು ಬದಲಾವಣೆ ಮುಗಿದ ಮೇಲೆ ಹೊಸದಾಗಿ ಹುಟ್ಟಿದ, ಇಲ್ಲವೆ ನೆರೆಭಾಷೆಯಿಂದ ಬಂದ ಪದಗಳಿರಬಹುದಲ್ಲ ಎಂದು ಕೇಳಬಹುದು. ಕೆಲವು ಹಾಗಿರಲೂಬಹುದು. ಹಾಗಿದ್ದರೂ, ನಿಯಮ ಒಂದು ಸದ್ದನ್ನು ಅಳಿಸಿದ ಜಾಗಕ್ಕೇ ಆಡುವವರು ಅದನ್ನು ಮತ್ತೆ ಕರೆತಂದರು ಎಂದಾಯಿತು. ವಾದಕ್ಕೆ ಅಷ್ಟು ಸಾಕು. ಅಚ್ಚ ದ್ರಾವಿಡ ಪದಗಳು ಟಕಾರ ಡಕಾರಗಳಿಂದ ಆರಂಭವಾಗುವುದಿಲ್ಲ, ಅವುಗಳಲ್ಲಿ ಮಹಾಪ್ರಾಣವೂ ಇಲ್ಲ. ಆದರೂ ಟಪಟಪ, ಧಡಧಡ ಎನ್ನಲು ಯಾವ ಕನ್ನಡಿಗನೂ ಹಿಂಜರಿಯುವುದಿಲ್ಲ. ಈ ಪದವರ್ಗ ತನಗೆ ಬೇಕಾದ ಧ್ವನಿನಿಯಮವನ್ನು ತಾನೇ ಇಟ್ಟುಕೊಂಡಿದೆ.

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು. 1929ರಲ್ಲಿ ಎಡ್ವರ್ಡ್ ಸಪೀರ್ ‘ಮಿಲ್’, ‘ಮಲ್’ ಎಂಬ ಅರ್ಥವಿಲ್ಲದ ಪದಗಳನ್ನು ಕೊಟ್ಟು ದೊಡ್ಡ ಮೇಜು ಯಾವುದು ಎಂದು ಕೇಳಿದಾಗ ಬಹುಮಂದಿ ಅಕಾರದ್ದನ್ನೇ ಆರಿಸಿದರು. ಇಕಾರ ಚಿಕ್ಕದು, ಅಕಾರ ದೊಡ್ಡದು ಎಂಬುದು ಲೋಕನಿಯಮವೆಂದು ಅನೇಕರು ನಂಬಿದರು. ವಿಯೆಟ್ನಾಮಿನ ಬಾಹ್ನಾರ್ ಭಾಷೆಯ ಅನುಕರಣ ಪದಗಳಲ್ಲಿ ಇದು ಪೂರ್ತಿ ತಿರುಗುಮುರುಗಾಗಿದೆ ಎಂದು ಡಿಫ್ಲೋತ್ 1994ರಲ್ಲಿ ತೋರಿಸಿದ: ಅಲ್ಲಿ ಇಕಾರ ದೊಡ್ಡದು, ಅಕಾರ ಚಿಕ್ಕದು. ಹಾಗಾದರೆ ಎಲ್ಲವೂ ಒಪ್ಪಂದವೇ? ಡಿಫ್ಲೋತನ ಉತ್ತರ ಸೂಕ್ಷ್ಮವಾದದ್ದು. ‘ಇ’ ಎನ್ನುವಾಗ ನಾಲಿಗೆ ಮೇಲೆದ್ದು ಬಾಯಿಯೊಳಗೆ ಹೆಚ್ಚು ಜಾಗ ತುಂಬುತ್ತದೆ, ಅದರಿಂದಲೇ ಉಳಿಯುವ ಗಾಳಿಯ ಜಾಗ ಕಿರಿದಾಗುತ್ತದೆ. ಗಾಳಿಯ ಜಾಗವನ್ನು ಗಮನಿಸಿದವರಿಗೆ ‘ಇ’ ಚಿಕ್ಕದು, ನಾಲಿಗೆಯನ್ನು ಗಮನಿಸಿದವರಿಗೆ ದೊಡ್ಡದು. ಎರಡೂ ಕಡೆ ಸಾಮ್ಯ ನಿಜವಾದದ್ದೇ. ಯಾವ ಸಾಮ್ಯವನ್ನು ಹಿಡಿಯಬೇಕೆಂಬುದನ್ನು ಮಾತ್ರ ಭಾಷೆ ಆರಿಸಿಕೊಂಡಿದೆ. ಸೊಸ್ಯೂರನ ವಾದದ ಸಡಿಲು ಇಲ್ಲಿದೆ. ಒಪ್ಪಂದ ಇರುವಲ್ಲಿ ಸಾಮ್ಯ ಇರದು ಎಂದು ಅವನ ಹಿಂಬಾಲಕರು ಹಿಡಿದರು. ಆದರೆ ಇವು ಒಂದನ್ನೊಂದು ಹೊರಹಾಕುವುದಿಲ್ಲ, ಒಂದೇ ಪದದೊಳಗೆ ಒಟ್ಟಿಗೆ ಇರುತ್ತವೆ.

ಹಾಗಿದ್ದರೆ ಪರಭಾಷಿಕರು ಇವನ್ನು ಒಂದಿಷ್ಟು ಮಾತ್ರ ಊಹಿಸಬಲ್ಲವರಾಗಿರಬೇಕು. ಪ್ರಯೋಗಗಳಲ್ಲಿ ಕಂಡದ್ದೂ ಅದೇ. ಮಾರ್ಕ್ ಡಿಂಗೆಮಾನ್ಸ ಮತ್ತು ಜೊತೆಗಾರರು ಜಪಾನಿ, ಕೊರಿಯನ್, ಸೆಮಾಯ್, ಸಿವು, ಎವೆ ಭಾಷೆಗಳ ಅನುಕರಣ ಪದಗಳನ್ನು ಡಚ್ ಮಾತಾಡುವವರಿಗೆ ಕೇಳಿಸಿ, ಎರಡು ಅರ್ಥಗಳಲ್ಲಿ ಒಂದನ್ನು ಆರಿಸಲು ಹೇಳಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಸರಿಯುತ್ತರಗಳು ಅರ್ಧಕ್ಕಿಂತ ತುಸುವೇ ಹೆಚ್ಚು, ಸದ್ದಿನ ಪದಗಳಲ್ಲಿ ಮಾತ್ರ ಚೆನ್ನಾಗಿ ಹೆಚ್ಚು. ‘ಬೂಬಾ’ ಎಂದರೆ ದುಂಡು, ‘ಕಿಕಿ’ ಎಂದರೆ ಚೂಪು ಎಂಬ ಪ್ರಸಿದ್ಧ ಪ್ರಯೋಗವನ್ನು 25 ಭಾಷೆಗಳಲ್ಲಿ ನಡೆಸಿದಾಗಲೂ ಸುಮಾರು ಶೇಕಡಾ 72 ಉತ್ತರಗಳು ಹೊಂದಿದವು, ಕೆಲವು ಭಾಷೆಗಳಲ್ಲಿ ಹೊಂದಲಿಲ್ಲ. ಪಟಪಟ ಎಂಬುದನ್ನು ಪರದೇಶದವರು ಊಹಿಸಿಯಾರು. ಸರಸರ, ಥಳಥಳ, ಗಮಗಮ, ಕಸಿವಿಸಿ ಎಂದು ಸದ್ದಿನಿಂದ ಚಲನೆಗೆ, ನೋಟಕ್ಕೆ, ವಾಸನೆಗೆ, ಮನಸ್ಸಿಗೆ ಸರಿದಂತೆ ಊಹೆ ಕಷ್ಟವಾಗುತ್ತದೆ. ‘ಬಿಕೋ’ ಎಂಬುದರ ಅರ್ಥ ಕನ್ನಡದೊಳಗೆ ಬೆಳೆದವರಿಗೇ ಹೊಳೆಯಬೇಕು.

ಸಾಮ್ಯ ಇಷ್ಟು ಉಪಯುಕ್ತವಾದರೆ ಎಲ್ಲ ಪದಗಳೂ ಹೀಗೇಕಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರ ಅನುಕರಣ ಪದಗಳಲ್ಲೇ ಇದೆ. ಥಳಥಳ, ಪಳಪಳ, ಫಳಫಳ ಮೂರೂ ಹೊಳಪನ್ನು ಹೇಳುತ್ತವೆ, ಮೂರೂ ಒಂದರಂತೆ ಇನ್ನೊಂದು ಕೇಳುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಬಂದರೂ ಕೊಡದ ಹೊಳಪಿಗೆ ಧಕ್ಕೆಯಿಲ್ಲ. ಸಂತೆಯಲ್ಲಿ ಹಾಗೆ ಆಗಕೂಡದು. ಹಾಗಲ, ಹೀರೆ, ಪಡವಲ, ಸೋರೆ, ತೊಂಡೆ ಎಲ್ಲವೂ ಬಳ್ಳಿಯಲ್ಲಿ ಬಿಡುವ ಒಂದೇ ಕುಟುಂಬದ ಹಸಿರು ಕಾಯಿಗಳು. ಹೋಲುವ ಕಾಯಿಗಳಿಗೆ ಹೋಲುವ ಹೆಸರುಗಳಿದ್ದಿದ್ದರೆ, ಗದ್ದಲದ ನಡುವೆ ಹೀರೆ ಕೇಳಿದವರ ಚೀಲಕ್ಕೆ ಹಾಗಲ ಬೀಳುತ್ತಿತ್ತು.