ಎರಡು ಮೂರುಗಳು: ನಾನೂರು ವರ್ಷಗಳಲ್ಲಿ ವಾರಗಳು ಸರಿಹೊಂದಿದ್ದು ಹೇಗೆ

ಗ್ರೆಗೋರಿಯನ್ ಕ್ಯಾಲೆಂಡರಿನ ಬಗೆಗಿನ ಜನಪ್ರಿಯ ಬರಹಗಳಲ್ಲಿ ಒಂದು ಮಾತು ಕೈಯಿಂದ ಕೈಗೆ ದಾಟುತ್ತ ಬಂದಿದೆ. ನಾನೂರು ವರ್ಷಗಳ ಆವರ್ತದಲ್ಲಿ 1,46,097 ದಿನಗಳಿವೆ, ಅದು ಸರಿಯಾಗಿ 20,871 ವಾರ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಇಷ್ಟು ನಿಜ. ಆದರೆ ಬರೆಯುವವರು ಅಲ್ಲಿಗೆ ನಿಲ್ಲುವುದಿಲ್ಲ. ಪೋಪ್ ಹದಿಮೂರನೆಯ ಗ್ರೆಗೊರಿಯ ಗಣಿತಜ್ಞರು ವಾರಗಳು ಒಡೆಯದಿರಲೆಂದೇ 400ನ್ನು ಆರಿಸಿಕೊಂಡರು ಎಂದು ಮುಂದುವರಿಸುತ್ತಾರೆ. ಈ ಎರಡನೆಯ ಮಾತಿಗೆ ನನಗೆ ತಿಳಿದ ಆಧಾರ ಒಂದೂ ಇಲ್ಲ, ವಿರೋಧದ ಆಧಾರಗಳು ಬೇಕಾದಷ್ಟಿವೆ.

ಮೊದಲು ಲೆಕ್ಕ. ಸಾಮಾನ್ಯ ವರ್ಷದ 365 ದಿನಗಳನ್ನು ಏಳರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಅಧಿಕ ವರ್ಷದಲ್ಲಿ ಎರಡು. ಹೀಗಾಗಿ ಯಾವುದೇ ಆವರ್ತ ವಾರಗಳಲ್ಲಿ ಮುಗಿಯುತ್ತದೆಯೇ ಎಂದು ನೋಡಲು ವರ್ಷಗಳ ಸಂಖ್ಯೆಗೆ ಅಧಿಕ ದಿನಗಳ ಸಂಖ್ಯೆ ಕೂಡಿಸಿ, ಏಳರಿಂದ ಭಾಗಿಸಿದರೆ ಸಾಕು. ಹಳೆಯ ಜೂಲಿಯನ್ ಪದ್ಧತಿಯ 400 ವರ್ಷಗಳಲ್ಲಿ ಅಧಿಕ ದಿನ 100. ಮೊತ್ತ 500, ಏಳರಿಂದ ಭಾಗಿಸಿದರೆ ಶೇಷ 3. ಗ್ರೆಗೋರಿಯನ್ ಪದ್ಧತಿ ಅದರಲ್ಲಿ ಮೂರು ದಿನ ಕಡಿಯಿತು. ಉಳಿದದ್ದು 497, ಅಂದರೆ ಏಳು ಎಪ್ಪತ್ತೊಂದಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದೊಂದೇ: ಶೇಷವಾಗಿ ಬಂದ ಮೂರಕ್ಕೂ ಕಡಿದು ಹಾಕಿದ ಮೂರಕ್ಕೂ ನೆಂಟಸ್ತಿಕೆ ಇದೆಯೇ?

ಶೇಷದ ಮೂರು ಬಂದದ್ದು ಶುದ್ಧ ಅಂಕಗಣಿತದಿಂದ. ಜೂಲಿಯನ್ ಪದ್ಧತಿಯಲ್ಲಿ 28 ವರ್ಷಕ್ಕೊಮ್ಮೆ ವಾರ ಮತ್ತು ತಾರೀಖು ಮತ್ತೆ ಜೊತೆಗೂಡುತ್ತವೆ (28 ವರ್ಷ, 7 ಅಧಿಕ ದಿನ, ಮೊತ್ತ 35). ನಾನೂರರಲ್ಲಿ ಇಂಥ ಹದಿನಾಲ್ಕು ಚಕ್ರಗಳು ಪೂರ್ತಿಯಾಗಿ 8 ವರ್ಷ ಮಿಗುತ್ತವೆ. ಎಂಟಕ್ಕೆ ಅವುಗಳ ಎರಡು ಅಧಿಕ ದಿನ ಸೇರಿ ಹತ್ತು, ಹತ್ತರಲ್ಲಿ ಏಳು ಹೋದರೆ ಮೂರು. ಇದರಲ್ಲಿ ಸೂರ್ಯನ ಪಾತ್ರವಿಲ್ಲ.

ಕಡಿದ ಮೂರರ ಕಥೆ ಬೇರೆ. ವಿದ್ವಾಂಸರು ನಿಜಕ್ಕೂ ಜಗಳವಾಡಬೇಕಾದ ಜಾಗ ಇದು, ಆಡಿದ್ದಾರೆ ಕೂಡ. ಹದಿನಾರನೆಯ ಶತಮಾನದ ಯುರೋಪಿಗೆ ವರ್ಷಮಾನವೆಂದರೆ ಆಲ್ಫೋನ್ಸೋ ಕೋಷ್ಟಕಗಳು ಕೊಟ್ಟ ಮಾನ. ಅಲ್ಲಿ ದಿನದ ಭಾಗಗಳನ್ನು ಅರವತ್ತರ ಲೆಕ್ಕದಲ್ಲಿ ಬರೆಯುತ್ತಿದ್ದರು. ನಮ್ಮ ಓದುಗರಿಗೆ ಇದು ಹೊಸತಲ್ಲ, ಘಳಿಗೆ ವಿಘಳಿಗೆಗಳೂ ಅದೇ ಭಾಗಗಳು. ನಮ್ಮ ಮಾತಿಗೆ ತಂದು ಹೇಳಿದರೆ ಆಲ್ಫೋನ್ಸೋ ವರ್ಷ 365 ದಿನ, 14 ಘಳಿಗೆ, 33 ವಿಘಳಿಗೆ, ಅದರ ಮೇಲೆ ಇನ್ನೂ ಸಣ್ಣ ಭಾಗಗಳಾಗಿ 9 ಮತ್ತು 57. (ಸೂರ್ಯಸಿದ್ಧಾಂತದ 15 ಘಳಿಗೆ 31 ವಿಘಳಿಗೆಯನ್ನು ಇದರ ಪಕ್ಕದಲ್ಲಿಟ್ಟು ಯಾರದು ಸರಿ ಎಂದು ಕೇಳುವವರು ಒಂದನ್ನು ಮರೆಯುತ್ತಾರೆ. ಅದು ನಕ್ಷತ್ರವನ್ನು ಹಿಡಿದ ನಿರಯನ ವರ್ಷ, ಇದು ವಿಷುವವನ್ನು ಹಿಡಿದ ಸಾಯನ ವರ್ಷ.) ಜೂಲಿಯನ್ ವರ್ಷ 365 ದಿನ 15 ಘಳಿಗೆ. ಎರಡರ ನಡುವಿನ ಅಂತರ 27 ವಿಘಳಿಗೆಗೆ ಕೂದಲೆಳೆಯಷ್ಟು ಕಡಿಮೆ.

ಆಲ್ಫೋನ್ಸೋ ಮಾನವನ್ನು ಕೊನೆಯ ಭಾಗದವರೆಗೂ ಹಿಡಿದರೆ ಜೂಲಿಯನ್ ಕ್ಯಾಲೆಂಡರು ಸುಮಾರು 134 ವರ್ಷಕ್ಕೆ ಒಂದು ದಿನ ತಪ್ಪುತ್ತದೆ, 402 ವರ್ಷಕ್ಕೆ ಮೂರು. ಹಳೆಯ ಕೈಪಿಡಿಗಳ ಪ್ರಕಾರ 400 ಹುಟ್ಟಿದ್ದೇ ಹೀಗೆ: 402ನ್ನು ನೆನಪಿಗೆ ಸುಲಭವಾಗಲೆಂದು ಶತಮಾನಕ್ಕೆ ಇಳಿಸಿಕೊಂಡರು. 1974ರಲ್ಲಿ ನೋಯೆಲ್ ಸ್ವೆರ್ಡ್ಲೋ ಈ ವಿವರಣೆಯನ್ನು ಅಲುಗಾಡಿಸಿದರು. ಅವರ ಗಮನ ಹರಿದದ್ದು ಕೊನೆಯ ಭಾಗಗಳ ಕಡೆಗಲ್ಲ, ಮೊದಲ ಎರಡು ಸ್ಥಾನಗಳ ಕಡೆಗೆ. ಆಲ್ಫೋನ್ಸೋ ಕೋಷ್ಟಕ, ಕೊಪರ್ನಿಕಸನ ಗ್ರಂಥ, 1551ರ ರೈನ್‌ಹೋಲ್ಡನ ಪ್ರುಟೆನಿಕ್ ಕೋಷ್ಟಕ, ಈ ಮೂರರ ಸರಾಸರಿ ವರ್ಷವೂ 14, 33 ಎಂಬಲ್ಲಿ ಒಂದೇ. ಭೇದವೇನಿದ್ದರೂ ಅದರ ಆಚೆಗೆ. ಭೂಮಿ ನಡುವೆಯೋ ಸೂರ್ಯ ನಡುವೆಯೋ ಎಂದು ಬಡಿದಾಡುತ್ತಿದ್ದ ಕಾಲದಲ್ಲಿ ಎರಡೂ ಬಣಗಳು ಒಪ್ಪಿದ್ದ ಅಂಕಿ ಇದು.

ಈಗ ಆ ಎರಡು ಸ್ಥಾನಗಳನ್ನಷ್ಟೇ ಇಟ್ಟುಕೊಂಡು ಲೆಕ್ಕ ಮಾಡಿ. ಜೂಲಿಯನ್ ವರ್ಷದೊಂದಿಗೆ ಅಂತರ ಸರಿಯಾಗಿ 27 ವಿಘಳಿಗೆ. ನಾನೂರು ವರ್ಷಕ್ಕೆ 10,800 ವಿಘಳಿಗೆ, ಅಂದರೆ 180 ಘಳಿಗೆ, ಅಂದರೆ ಮೂರು ದಿನ. ಇಳಿಸಿಕೊಳ್ಳುವ ಮಾತೇ ಬರಲಿಲ್ಲ. 14 ಘಳಿಗೆ 33 ವಿಘಳಿಗೆಯನ್ನು ದಿನದ ಭಿನ್ನರಾಶಿಯಾಗಿ ಬರೆದರೆ 873/3600, ಒಂಬತ್ತರಿಂದ ಭಾಗಿಸಿದರೆ 97/400. ಗ್ರೆಗೋರಿಯನ್ ನಿಯಮ ಇದೇ: 400 ವರ್ಷಕ್ಕೆ 97 ಅಧಿಕ ದಿನ. ವೆರೋನಾದ ಪಿಯೆತ್ರೋ ಪಿತಾತಿ ನಾಲ್ಕು ಶತಮಾನಗಳಲ್ಲಿ ಮೂರರ ಅಧಿಕ ದಿನ ಬಿಡಬೇಕೆಂದು 1560ರಲ್ಲೇ ಅಚ್ಚು ಹಾಕಿಸಿದ್ದ, ಸುಧಾರಣೆಗೆ ಇಪ್ಪತ್ತೆರಡು ವರ್ಷ ಮೊದಲು. ಸುಧಾರಣೆಯ ಕರ್ತೃವೆಂದು ಹೆಸರಾದ ಕಲಾಬ್ರಿಯಾದ ವೈದ್ಯ ಲುಯಿಜಿ ಲಿಲಿಯೋ 1576ರಲ್ಲಿ ತೀರಿಕೊಂಡ. ಅವನ ಮೂಲ ಹಸ್ತಪ್ರತಿ ಸಿಕ್ಕಿಲ್ಲ. ನಮಗಿರುವುದು ಆಯೋಗಕ್ಕಾಗಿ ಪೇದ್ರೋ ಚಾಕೋನ್ ಸಿದ್ಧಪಡಿಸಿದ 1577ರ ಸಂಕ್ಷೇಪ ಮಾತ್ರ. ಆದ್ದರಿಂದ ಲಿಲಿಯೋ ತಾನೇ 97/400 ಕಂಡನೋ, ಪಿತಾತಿಯ ಯೋಜನೆಯನ್ನೇ ಎತ್ತಿಕೊಂಡನೋ ಎಂಬಲ್ಲಿ ಸ್ವೆರ್ಡ್ಲೋ ಜೊತೆ ಕೊನೆಯವರೆಗೂ ಹೋಗಲು ನಾನು ಸಿದ್ಧನಿಲ್ಲ. ಅಂಕಿಗಳ ಮಟ್ಟಿಗೆ ಅವರ ಪಕ್ಷವೇ ನನ್ನದು. 402ರ ವಾದಿಗಳು ಒಂದಕ್ಕೆ ಉತ್ತರ ಹೇಳಬೇಕು: ಎಲ್ಲ ಕೋಷ್ಟಕಗಳೂ ಒಪ್ಪಿದ ಅಂಕಿಯಿಂದಲೇ 400 ನೇರವಾಗಿ ಬರುತ್ತಿದ್ದಾಗ ಸುತ್ತು ದಾರಿ ಯಾರಿಗೆ ಬೇಕಿತ್ತು?

ಈ ಜಗಳದಲ್ಲಿ ಯಾವ ಪಕ್ಷ ಗೆದ್ದರೂ ವಾರದ ವಾದಿಗಳಿಗೆ ಪಾಲಿಲ್ಲ. ಎರಡೂ ದಾರಿಗಳು ಸೂರ್ಯನಿಂದ ಹೊರಟು 400ಕ್ಕೆ ಮುಟ್ಟುತ್ತವೆ, ಏಳು ಎಂಬ ಸಂಖ್ಯೆ ದಾರಿಯಲ್ಲಿ ಎಲ್ಲಿಯೂ ಎದುರಾಗುವುದಿಲ್ಲ. 1582ರ ಫೆಬ್ರವರಿ 24ರ ತಾರೀಖಿನ ಪೋಪರ ಆಜ್ಞಾಪತ್ರ 1700, 1800, 1900 ಅಧಿಕ ವರ್ಷವಾಗಬಾರದು, 2000 ಆಗಬೇಕು ಎಂದು ಬಿಡಿಸಿ ಹೇಳುತ್ತದೆ. ಅದು ಕೊಡುವ ಕಾರಣ ವಿಷುವ ಮಾರ್ಚ್ 21ರಿಂದ ಜಾರಬಾರದು ಎಂಬುದು.

ವಾರದ ವಾದಿಗಳ ಬಳಿ ಬಲವಾದ ಒಂದು ಮಾತಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಈಸ್ಟರ್ ಭಾನುವಾರವೇ ಬರಬೇಕು, ಹಾಗಾಗಿ ವಾರ ಮತ್ತು ತಾರೀಖಿನ ಸಂಬಂಧ ಚರ್ಚಿಗೆ ಪ್ರಾಣದಂಥದ್ದು. ಆಯೋಗದಲ್ಲಿ ಕ್ಲಾವಿಯಸ್‌ನಂಥ ಗಣಿತಜ್ಞನಿದ್ದ, 497ನ್ನು ಏಳು ಭಾಗಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದಿರಬಹುದು. ಗೊತ್ತಿರುವುದೂ ಅದಕ್ಕಾಗಿಯೇ ಆರಿಸುವುದೂ ಒಂದೇ ಅಲ್ಲ. ವಾರದ ಹೊಂದಾಣಿಕೆಯೇ ಗುರಿಯಾಗಿದ್ದರೆ ಅದು ಅವರ ಕೈಯಲ್ಲಿ ಆಗಲೇ ಇತ್ತು, ಅದೂ 28 ವರ್ಷಕ್ಕೊಮ್ಮೆ. ಸುಧಾರಣೆಯಿಂದ ಅದು ಮುರಿದು 400ಕ್ಕೆ ಹಿಗ್ಗಿತು. ವಾರದ ದೃಷ್ಟಿಯಿಂದ ಇದು ನಷ್ಟ. ಅಷ್ಟಾದರೂ ಹೊಸ ನಿಯಮಾವಳಿ 28 ವರ್ಷದ ಸೂರ್ಯಚಕ್ರವನ್ನು ಕೈಬಿಡಲಿಲ್ಲ. ಭಾನುವಾರದ ಅಕ್ಷರಗಳ ಪಟ್ಟಿಯನ್ನು ಅದರ ಮೇಲೆಯೇ ನಿಲ್ಲಿಸಿ, 1700ರಲ್ಲಿ ಸಾಲು ಬದಲಿಸಿಕೊಳ್ಳಿ ಎಂದಿತು. ಸುಂದರ ಆವರ್ತವೊಂದನ್ನು ಬೇಕೆಂದೇ ಕಟ್ಟಿದವರು ಹಳೆಯ ಚಕ್ರಕ್ಕೆ ತೇಪೆ ಹಾಕುತ್ತ ಕೂರುತ್ತಿರಲಿಲ್ಲ. ಚಂದ್ರನ ತಿದ್ದುಪಡಿಯನ್ನು ಅವರು 2500 ವರ್ಷಕ್ಕೆ ಎಂಟು ಬಾರಿ ಎಂದು ಗೊತ್ತುಮಾಡಿದರು. 2500ನ್ನು 400 ಭಾಗಿಸುವುದಿಲ್ಲ, ಅದರಿಂದ ಅವರಿಗೆ ಮುಜುಗರವೂ ಆದಂತಿಲ್ಲ.

ಇನ್ನೊಂದು ಪರೀಕ್ಷೆಯೂ ಇದೆ. ಅದೇ ಸೂರ್ಯನನ್ನು ಹಿಡಿಯಲು ಹೊರಟ ಬೇರೆ ನಿಯಮಗಳಲ್ಲಿ ವಾರ ಮುಗಿಯುತ್ತದೆಯೇ? 1923ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆಗೆ ಮಿಲುಟಿನ್ ಮಿಲಾಂಕೋವಿಚ್ ಕೊಟ್ಟ ನಿಯಮದಲ್ಲಿ 900 ವರ್ಷಕ್ಕೆ 218 ಅಧಿಕ ದಿನ. ಮೊತ್ತ 1118, ಶೇಷ 5. ಅಲ್ಲಿ ವಾರ ಮತ್ತು ತಾರೀಖು ಜೊತೆಗೂಡಲು 6300 ವರ್ಷ ಕಾಯಬೇಕು. ಆ ಸಭೆಯವರಿಗೂ ಈಸ್ಟರ್ ಭಾನುವಾರವೇ ಬೇಕಿತ್ತು, ಆದರೂ ನಿಯಮ ಒಪ್ಪಿಗೆಯಾಯಿತು. 128 ವರ್ಷಕ್ಕೆ 31 ಅಧಿಕ ದಿನವೆಂಬ, ಸೂರ್ಯನಿಗೆ ಇನ್ನೂ ಹತ್ತಿರದ ಅನುಪಾತದಲ್ಲೂ ಮೊತ್ತ 159, ಶೇಷ 5. ಗ್ರೆಗೋರಿಯನ್ ನಿಯಮಕ್ಕೇ ತಿದ್ದುಪಡಿಯಾಗಿ 4000 ವರ್ಷಕ್ಕೆ ಇನ್ನೊಂದು ದಿನ ಬಿಡಬೇಕೆಂಬ ಸಲಹೆ ಬಂದಿತ್ತು. ಅದನ್ನು ಒಪ್ಪಿದ್ದರೆ ಇರುವ ಹೊಂದಾಣಿಕೆಯೂ ಹೋಗುತ್ತಿತ್ತು. ಶೇಷ ಸೊನ್ನೆಯಿಂದ ಆರರವರೆಗೆ ಯಾವುದೂ ಆಗಬಹುದು. ಏಳರಲ್ಲಿ ಒಂದರ ಅದೃಷ್ಟ 1582ರವರಿಗೆ ಸಿಕ್ಕಿತು. ಅದನ್ನು ಪವಾಡವೆಂದೋ ಜಾಣತನವೆಂದೋ ಕರೆಯುವ ಅಗತ್ಯವಿಲ್ಲ.

ಕನ್ನಡದಲ್ಲಿ ಶಾಸನ ಮತ್ತು ಬಖೈರುಗಳ ತಿಥಿವಾರ ಪರಿಶೀಲಿಸುವವರಿಗೆ ಇದರಿಂದ ನೇರ ಉಪಯೋಗವಿದೆ, ಅಪಾಯವೂ ಇದೆ. ರಕ್ಕಸತಂಗಡಿ ಯುದ್ಧಕ್ಕೆ ಸಾಮಾನ್ಯವಾಗಿ ಕೊಡುವ ತಾರೀಖು 1565ರ ಜನವರಿ 23. ನಾನೂರು ವರ್ಷಕ್ಕೆ ವಾರ ಮರಳುತ್ತದೆಂಬ ಸೂತ್ರ ನಂಬಿ 1965ರ ಜನವರಿ 23ನ್ನು ನೋಡಿದರೆ ಶನಿವಾರ ಸಿಗುತ್ತದೆ. ಅದು ತಪ್ಪು. 1565ರ ತಾರೀಖು ಜೂಲಿಯನ್, ಆ ಪದ್ಧತಿಯಲ್ಲಿ ವಾರ ನಾನೂರಕ್ಕೆ ಮರಳುವುದಿಲ್ಲ. ಮೊದಲು ಹತ್ತು ದಿನ ಕೂಡಿಸಿ ಗ್ರೆಗೋರಿಯನ್‌ಗೆ ತನ್ನಿ, ಫೆಬ್ರವರಿ 2 ಬರುತ್ತದೆ. ಈಗ ನಾನೂರು ಕೂಡಿಸಿ. 1965ರ ಫೆಬ್ರವರಿ 2 ಮಂಗಳವಾರ, ಯುದ್ಧ ನಡೆದದ್ದೂ ಮಂಗಳವಾರ. 1582ರ ಅಕ್ಟೋಬರ್ 4ರ ಗುರುವಾರದ ಮರುದಿನ ಅಕ್ಟೋಬರ್ 15ರ ಶುಕ್ರವಾರವಾಯಿತು. ತಾರೀಖು ಜಿಗಿದರೂ ವಾರದ ಸಾಲು ಕಡಿಯಲಿಲ್ಲ, ಅದಕ್ಕಾಗಿಯೇ ಈ ಲೆಕ್ಕ ಕೂಡುತ್ತದೆ.

ಪೂರ್ತಿ ಜೂಲಿಯನ್ ಕಾಲದೊಳಗೇ ಓಡಾಡುವವರಿಗೆ ಪರಿವರ್ತನೆಯ ಗೋಜಿಲ್ಲ, ಆದರೆ ಅವರು ಬಳಸಬೇಕಾದ ದೊಡ್ಡ ಆವರ್ತ 400 ಅಲ್ಲ, 700. ಇಪ್ಪತ್ತೆಂಟರ ಇಪ್ಪತ್ತೈದು ಚಕ್ರ ಸೇರಿ ಅಲ್ಲಿ ವಾರ ಸರಿಯಾಗಿ ಮುಗಿಯುತ್ತದೆ. ಶಾಸನ ಸಂಪುಟಗಳ ಸಂಪಾದಕರು ತಾರೀಖಿನ ಪಕ್ಕದಲ್ಲಿ ಅದು ಯಾವ ಪದ್ಧತಿಯದೆಂದು ಪ್ರತಿ ಬಾರಿಯೂ ನಮೂದಿಸಲಿ.