ವಾಡಿ ಜಂಕ್ಷನ್‌ನಲ್ಲಿ ಚೀಲ ಯಾಕೆ ಇಳಿಸಲಿಲ್ಲ? 1676 ಮಿ.ಮೀ. ಕಥೆ

📍 ಭಾಗ 1/6: ಎರಡು ಹಳಿಗಳ ನಡುವಿನ ಜಾಗ

ಗೆಳೆಯರೇ, ನಮ್ಮ ವಾಡಿ ಜಂಕ್ಷನ್ ಎಲ್ಲರಿಗೂ ಗೊತ್ತು. ಮುಂಬೈ ಕಡೆಯಿಂದ ಶಹಾಬಾದ್ ದಾಟಿ ಬರೋ ಲೈನ್ ಇಲ್ಲಿ ಎರಡಾಗುತ್ತೆ. ಒಂದು ಯಾದಗಿರಿ, ರಾಯಚೂರು ಕಡೆ ಹೋಗುತ್ತೆ. ಇನ್ನೊಂದು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದ್‌ಗೆ. ಮುಂಬೈಯಿಂದ ಬಂದ ಗಾಡಿ ಎರಡರಲ್ಲಿ ಯಾವುದಕ್ಕೆ ಬೇಕಾದರೂ ಸಲೀಸಾಗಿ ಹೊರಳುತ್ತೆ. ಇದರಲ್ಲೇನು ವಿಶೇಷ ಅನ್ಸುತ್ತಾ?

ವಿಶೇಷ ಏನಂದ್ರೆ, ಈ ಎರಡು ಲೈನ್ ಹಾಕಿಸಿದವರು ಬೇರೆ ಬೇರೆ. ಒಂದು ಬ್ರಿಟಿಷ್ ಕಂಪನಿ, ಇನ್ನೊಂದು ನಿಜಾಮರ ಸರ್ಕಾರ. ಆದರೆ ಹಳಿಯಿಂದ ಹಳಿಗೆ ಇರೋ ಅಂತರ ಎರಡರಲ್ಲೂ ಒಂದೇ: 5 ಅಡಿ 6 ಇಂಚು, ಅಂದ್ರೆ 1676 ಮಿ.ಮೀ. ಇದನ್ನೇ ಬ್ರಾಡ್ ಗೇಜ್ ಅಂತೀವಿ. ಅಳೆಯೋದು ಹಳಿಯ ತಲೆಯ ಒಳಮಗ್ಗುಲಿನಿಂದ ಆಚೆ ಹಳಿಯ ಒಳಮಗ್ಗುಲಿಗೆ.

ಈ ಅಳತೆ ಯಾಕೆ ಇಷ್ಟು ಹಠಮಾರಿ? ಚಕ್ಕಡಿಯ ಗಾಲಿಗಳು ಬೇರೆ ಬೇರೆಯಾಗಿ ತಿರುಗ್ತವೆ, ರೈಲಿನದು ಹಾಗಲ್ಲ. ಎರಡು ಚಕ್ರಗಳನ್ನ ಒಂದೇ ಅಚ್ಚಿಗೆ ಬಿಗಿಯಾಗಿ ಒತ್ತಿ ಕೂರಿಸಿರ್ತಾರೆ. ಎರಡೂ ಒಟ್ಟಿಗೇ ತಿರುಗಬೇಕು. ಚಕ್ರದ ಒಳ ಅಂಚಿನಲ್ಲಿ ಒಂದು ತುಟಿ ಇರುತ್ತೆ, ಅದು ಹಳಿಯ ಒಳಮಗ್ಗುಲಿಗೆ ಸವರಿಕೊಂಡು ಗಾಡಿಯನ್ನ ದಾರಿಯಲ್ಲಿ ಇಡುತ್ತೆ. ಬ್ರಾಡ್ ಗೇಜ್‌ನಲ್ಲಿ ಈ ತುಟಿಗಳಿಗೆ ಅತ್ತಿತ್ತ ಸರಿಯೋಕೆ ಇರೋ ಜಾಗ ಒಟ್ಟು ಸುಮಾರು 2 ಸೆಂ.ಮೀ. ಮಾತ್ರ. ಅಂತರ ಜಾಸ್ತಿ ಅಗಲವಾದರೆ ಚಕ್ರ ಹಳಿಯ ಒಳಗೆ ಬೀಳುತ್ತೆ, ಕಿರಿದಾದರೆ ಸಿಕ್ಕಿಕೊಂಡು ಮೇಲೆ ಹತ್ತುತ್ತೆ. ಎರಡಕ್ಕೂ ಹೆಸರು ಒಂದೇ: ಹಳಿ ತಪ್ಪೋದು.

👉 ಈ ಅಳತೆ ಎಲ್ಲಿಂದ ಬಂತು? ಮೊದಲು ಇಂಗ್ಲೆಂಡಿಗೆ ಹೋಗಿ ಬರೋಣ.

📍 ಭಾಗ 2/6: ಕಲ್ಲಿದ್ದಲ ಗಣಿಯಿಂದ ಬಂದ ಅಳತೆ

1825ರಲ್ಲಿ ಸ್ಟಾಕ್‌ಟನ್–ಡಾರ್ಲಿಂಗ್ಟನ್ ರೈಲು ಶುರುವಾಯ್ತು. ಉಗಿ ಎಂಜಿನ್ ಓಡಿದ ಮೊದಲ ಸಾರ್ವಜನಿಕ ರೈಲ್ವೆ ಅದು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಲೈನ್ ಬಂತು. ಎರಡರ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್. ಆತ ಯಾವ ದೊಡ್ಡ ಲೆಕ್ಕಾಚಾರನೂ ಹಾಕಲಿಲ್ಲ. ತಾನು ಮೊದಲು ಕೆಲಸ ಮಾಡ್ತಿದ್ದ ಕಲ್ಲಿದ್ದಲ ಗಣಿಯಲ್ಲಿ ಕುದುರೆ ಎಳೆಯೋ ಗಾಡಿಗಳ ಹಳಿ ಎಷ್ಟಿತ್ತೋ ಅದನ್ನೇ ಹಿಡಿದ. ಚಕ್ರ ಸ್ವಲ್ಪ ಸಡಿಲವಾಗಿ ಆಡಲಿ ಅಂತ ಆಮೇಲೆ ಅರ್ಧ ಇಂಚು ಸೇರಿ 4 ಅಡಿ 8½ ಇಂಚು ಆಯ್ತು.

ಆದರೆ ಬ್ರುನೆಲ್ ಅನ್ನೋ ಎಂಜಿನಿಯರ್ ತನ್ನ ಗ್ರೇಟ್ ವೆಸ್ಟರ್ನ್ ರೈಲ್ವೆಗೆ 7 ಅಡಿ ಅಗಲ ಇಟ್ಟ. ಗಾಡಿ ವೇಗವಾಗಿ, ಅಲುಗಾಡದೆ ಓಡುತ್ತೆ ಅನ್ನೋದು ಅವನ ವಾದ. ಆ ಮಾತು ಸುಳ್ಳಲ್ಲ, ಅವನ ಗಾಡಿಗಳು ನಿಜಕ್ಕೂ ಜೋರಾಗಿ ಓಡ್ತಿದ್ವು. ತೊಂದರೆ ಶುರುವಾಗಿದ್ದು ಗ್ಲಾಸ್ಟರ್ ಊರಲ್ಲಿ. 1844ರಲ್ಲಿ ಎರಡೂ ಅಳತೆಯ ಲೈನ್‌ಗಳು ಅಲ್ಲಿ ಎದುರುಬದುರಾದವು. ಒಂದು ಗಾಡಿಯ ಸಾಮಾನು ಪೂರ್ತಿ ಇಳಿಸಿ, ಇನ್ನೊಂದಕ್ಕೆ ಏರಿಸದೆ ಮುಂದೆ ಹೋಗೋ ಹಾಗಿರಲಿಲ್ಲ.

1845ರಲ್ಲಿ ಸರ್ಕಾರ ಒಂದು ಆಯೋಗ ಮಾಡ್ತು. ಓಟದಲ್ಲಿ ಅಗಲ ಹಳಿಯೇ ಮುಂದಿತ್ತು. ಆದರೆ ದೇಶದಲ್ಲಿ ಅಷ್ಟೊತ್ತಿಗೆ ಸ್ಟೀಫನ್‌ಸನ್ ಅಳತೆಯ ಹಳಿ ಸುಮಾರು ಏಳು ಪಟ್ಟು ಹೆಚ್ಚು ಹಾಕಿಯಾಗಿತ್ತು. 1846ರ ಕಾಯ್ದೆ ಅದನ್ನೇ ಸಾಮಾನ್ಯ ಅಳತೆ ಅಂತ ಮಾಡ್ತು. ಗಮನಿಸಿ: ಗೆದ್ದದ್ದು ‘ಉತ್ತಮ’ ಅಳತೆ ಅಲ್ಲ, ಹೆಚ್ಚು ಹರಡಿದ್ದ ಅಳತೆ.

📍 ಭಾಗ 3/6: ಬೋರಿಬಂದರದಿಂದ ನಮ್ಮ ಎರೆಭೂಮಿಗೆ

ಇಂಗ್ಲೆಂಡಿನ ಆ ಜಗಳವನ್ನ ಹತ್ತಿರದಿಂದ ನೋಡಿದ ಒಬ್ಬ ಅಧಿಕಾರಿ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. ಪಾಠಪುಸ್ತಕದಲ್ಲಿ ಓದಿರೋ ಅದೇ ಡಾಲ್‌ಹೌಸಿ. ಮೊದಲೇ ಒಂದೇ ಅಳತೆ ಗೊತ್ತುಮಾಡಿ ಅನ್ನೋದು ಅವನ ಹಠ. ಅವನು ಕೇಳಿದ್ದು 6 ಅಡಿ. ಎಂಜಿನ್ನಿನ ಯಂತ್ರಭಾಗಗಳನ್ನ ಚಕ್ರಗಳ ನಡುವೆ ಕೂರಿಸೋಕೆ ಹೆಚ್ಚು ಜಾಗ ಸಿಗಲಿ ಅಂತ. ಕೊನೆಗೆ ಕಂಪನಿ ಒಪ್ಪಿದ್ದು 5 ಅಡಿ 6 ಇಂಚಿಗೆ.

1853ರ ಏಪ್ರಿಲ್ 16ರಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ (ಜಿಐಪಿ) ಬೋರಿಬಂದರದಿಂದ ಠಾಣೆಗೆ 34 ಕಿ.ಮೀ. ಓಡ್ತು. ಅದೇ ಅಳತೆ ಹಿಡಿದು ಲೈನ್ 1860ರಲ್ಲಿ ಸೋಲಾಪುರ ಮುಟ್ಟಿತು. ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರಿಗೆ ಬಂತು. ಆ ಕಡೆಯಿಂದ ಮದ್ರಾಸ್ ರೈಲ್ವೆ ಕೂಡ 5 ಅಡಿ 6 ಇಂಚಿನಲ್ಲೇ ಬಂದು ರಾಯಚೂರಲ್ಲಿ ಕೂಡಿತು. ಎರಡು ಬೇರೆ ಕಂಪನಿ, ಎರಡು ಸಮುದ್ರ, ಒಂದೇ ಹಳಿ!

ಹಳಿ ಹಾಕೋ ಕೆಲಸ ಹೇಗಿರುತ್ತೆ ನೋಡ್ರಿ. ಮೊದಲು ನೆಲದ ಅಳತೆ, ಏರು ತಪ್ಪಿಸಿ ದಾರಿ ಗುರುತು. ಆಮೇಲೆ ತಗ್ಗಿದ್ದಲ್ಲಿ ಮಣ್ಣಿನ ಏರಿ ಕಟ್ಟೋದು, ದಿಬ್ಬ ಇದ್ದಲ್ಲಿ ಕಡಿಯೋದು. ಮೇಲೆ ಜಲ್ಲಿ, ಜಲ್ಲಿ ಮೇಲೆ ಅಡ್ಡ ಸ್ಲೀಪರ್, ಸ್ಲೀಪರ್ ಮೇಲೆ ಹಡಗಿನಲ್ಲಿ ಬ್ರಿಟನ್ನಿನಿಂದ ಬಂದ ಕಬ್ಬಿಣದ ಹಳಿ. ಒಂದು ಹಳಿಯನ್ನ ಮೊದಲು ಬಿಗಿದು, ಗೇಜ್ ಪಟ್ಟಿ ಅಡ್ಡ ಇಟ್ಟು, ಎರಡನೆಯದನ್ನ ಅದಕ್ಕೆ ತಕ್ಕಂತೆ ಕೂರಿಸಿ ಬಿಗಿಯೋದು.

ನಮ್ಮ ಎರೆಮಣ್ಣು ಇಲ್ಲಿ ಕಾಟ ಕೊಡುತ್ತೆ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತೆ. ಒಂದು ಬದಿ ಕುಸಿದರೆ ಹಳಿ ವಾಲುತ್ತೆ, ಸ್ಲೀಪರ್ ಸಡಿಲವಾದರೆ ಅಂತರ ಅಗಲವಾಗುತ್ತೆ. ಅದಕ್ಕೇ ಜಲ್ಲಿ ಮತ್ತೆ ಮತ್ತೆ ಒತ್ತಬೇಕು, ಗೇಜ್ ಪಟ್ಟಿ ಇಟ್ಟು ಮತ್ತೆ ಮತ್ತೆ ನೋಡಬೇಕು. ಹಳಿ ಅಂದ್ರೆ ಒಮ್ಮೆ ಹಾಕಿ ಮರೆಯೋ ವಸ್ತು ಅಲ್ಲ.

📍 ಭಾಗ 4/6: 1874, ವಾಡಿಯ ತಿರುವು

ಈಗ ಕಥೆಯ ನಡು. 1870ರಲ್ಲಿ ಲಾರ್ಡ್ ಮೇಯೋ ಸರ್ಕಾರ ಖರ್ಚು ಉಳಿಸೋಕೆ ಹೊಸ ಲೈನ್‌ಗಳಿಗೆ ಸಣ್ಣ ಅಳತೆ ಒಪ್ಪಿಕೊಳ್ತು. ಅದೇ ಮೀಟರ್ ಗೇಜ್, 1000 ಮಿ.ಮೀ. ಸಣ್ಣ ಹಳಿ ಅಂದ್ರೆ ಹಗುರ ಕಬ್ಬಿಣ, ಸಣ್ಣ ಸ್ಲೀಪರ್, ಬಿಗಿ ತಿರುವು, ಕಡಿಮೆ ಮಣ್ಣಿನ ಕೆಲಸ. ಕಾಸು ಇಲ್ಲದ ಕಡೆ ರೈಲು ತರೋಕೆ ಇದು ನಿಜವಾದ ದಾರಿ. ಸುಮ್ಮನೆ ಬೈಯೋ ಹಾಗಿಲ್ಲ.

ಅದೇ ಹೊತ್ತಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ದಿವಾನ ಸಾಲಾರ್ ಜಂಗ್. ಜಿಐಪಿ ಲೈನ್ ಸಂಸ್ಥಾನದ ಪಡುವಣ ಅಂಚಿನಲ್ಲಿ ಹಾದುಹೋಗ್ತಿತ್ತು, ರಾಜಧಾನಿ ಮಾತ್ರ ದೂರ ಉಳಿದಿತ್ತು. ವಾಡಿಯಿಂದ ಸಿಕಂದರಾಬಾದ್‌ಗೆ ಲೈನ್ ಹಾಕೋದು ಅಂತಾಯ್ತು. ದುಡ್ಡು ನಿಜಾಮರ ಕಡೆಯದು. ಸಿಕಂದರಾಬಾದ್‌ನಲ್ಲಿ ಬ್ರಿಟಿಷರ ದೊಡ್ಡ ದಂಡು ಇದ್ದದ್ದರಿಂದ ಈ ಲೈನ್ ಅವರಿಗೂ ಬೇಕಿತ್ತು. 1874ರಲ್ಲಿ ಲೈನ್ ತೆರೆಯಿತು. ಮೀಟರ್ ಗೇಜ್ ಎಲ್ಲೆಡೆ ಬರ್ತಿದ್ದ ಕಾಲದಲ್ಲೂ ಇದು ಬ್ರಾಡ್ ಗೇಜ್!

ಇದರ ಅರ್ಥ ಏನು? ಮುಂಬೈ ಬಂದರಿನಲ್ಲಿ ತುಂಬಿದ ವ್ಯಾಗನ್ ವಾಡಿಗೆ ಬಂದರೆ, ಅದನ್ನ ಜಿಐಪಿ ಗಾಡಿಯಿಂದ ಕಳಚಿ ನಿಜಾಮರ ಗಾಡಿಗೆ ಜೋಡಿಸಿದರೆ ಮುಗೀತು. ಬಾಗಿಲು ತೆರೆಯೋದೇ ಬೇಡ. ಮಾಲೀಕರು ಬದಲಾದರು, ವ್ಯಾಗನ್ ಬದಲಾಗಲಿಲ್ಲ. ಶಹಾಬಾದ್ ಫರಸಿಗೆ ಇದು ಎಷ್ಟು ಮುಖ್ಯ ಯೋಚಿಸಿ. ಕಲ್ಲಿನ ಚಪ್ಪಡಿ ಒಂದೊಂದು ಸಲ ಎತ್ತಿ ಇಳಿಸಿದಾಗಲೂ ಮೂಲೆ ಒಡೆಯೋ ಸಾಮಾನು.

📍 ಭಾಗ 5/6: ವಾಡಿ ತಪ್ಪಿಸಿಕೊಂಡದ್ದು, ಹೋಟಗಿ ಅನುಭವಿಸಿದ್ದು

ಮೀಟರ್ ಗೇಜ್ ಆಗಿದ್ದರೆ ಏನಾಗ್ತಿತ್ತು ಅಂತ ಊಹೆ ಮಾಡಬೇಕಾಗಿಲ್ಲ. ಅದೇ ಜಿಐಪಿ ಲೈನಿನಲ್ಲಿ, ಸೋಲಾಪುರದ ಪಕ್ಕ ಹೋಟಗಿ ಇದೆ. 1876–78ರ ಭೀಕರ ಬರದ ನಂತರ, ಬರಪೀಡಿತ ಸೀಮೆಗೆ ಕಾಳು ತಲುಪಿಸೋ ಉದ್ದೇಶದಿಂದ ಸದರ್ನ್ ಮರಾಠಾ ರೈಲ್ವೆ ಬಂತು. ಅದರ ಹೋಟಗಿ–ವಿಜಯಪುರ–ಬಾಗಲಕೋಟೆ–ಗದಗ ಲೈನ್ ಮೀಟರ್ ಗೇಜ್. ಹಾಗಾಗಿ ಉತ್ತರದಿಂದ ಬ್ರಾಡ್ ಗೇಜ್‌ನಲ್ಲಿ ಬಂದ ಕಾಳು ಹೋಟಗಿಯಲ್ಲಿ ನಿಲ್ಲಲೇಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ಅಂದಾಜಿಗೆ ನಾವೇ ಹಿಡಿದದ್ದು. ಒಂದು ವ್ಯಾಗನ್‌ನಲ್ಲಿ 100 ಕೆ.ಜಿ.ಯ 150 ಚೀಲ ಜೋಳ. 20 ವ್ಯಾಗನ್ ಅಂದ್ರೆ 3000 ಚೀಲ. 20 ಜನ ಹಮಾಲರು, ಒಂದು ಚೀಲ ಹೊತ್ತು ಎದುರಿನ ಗಾಡಿಗೆ ಹಾಕಿ ವಾಪಸ್ ಬರೋಕೆ 3 ನಿಮಿಷ. ಒಬ್ಬೊಬ್ಬರ ಪಾಲಿಗೆ 150 ಚೀಲ, 450 ನಿಮಿಷ. ಅಂದ್ರೆ ನೀರು ಕುಡಿಯೋಕೂ ನಿಲ್ಲದೆ ಏಳೂವರೆ ತಾಸು. ಒಂದೇ ಒಂದು ಗಾಡಿಗೆ!

ಅದೂ ಎದುರಿಗೆ ಖಾಲಿ ಮೀಟರ್ ಗೇಜ್ ವ್ಯಾಗನ್ ನಿಂತಿದ್ದರೆ ಮಾತ್ರ. ಅವು ಚಿಕ್ಕವು, 20ರ ಸಾಮಾನಿಗೆ 20ಕ್ಕಿಂತ ಹೆಚ್ಚು ಬೇಕು. ಬರದ ಕಾಲದಲ್ಲಿ ಎಲ್ಲಾ ಕಡೆಯಿಂದ ಒಟ್ಟಿಗೇ ಬೇಡಿಕೆ ಬರುತ್ತೆ, ಆಗ ಖಾಲಿ ವ್ಯಾಗನ್ ಸಿಗೋದಿಲ್ಲ. ಕಾಳು ಕಟ್ಟೆ ಮೇಲೆ ರಾಶಿ ಬೀಳುತ್ತೆ. ಮಳೆ ಬಂದರೆ ನೆನೆಯುತ್ತೆ, ಚೀಲ ಹರಿದರೆ ಸೋರುತ್ತೆ, ನಡುವೆ ಕಳುವೂ ಆಗುತ್ತೆ. ಹಸಿದ ಊರಿನಲ್ಲಿ ದಿನ ಎಣಿಸ್ತಾ ಕೂತವರಿಗೆ 676 ಮಿ.ಮೀ. ವ್ಯತ್ಯಾಸದ ಬೆಲೆ ಇದು.

📍 ಭಾಗ 6/6: ಮೂರನೇ ಹಳಿ, ಮತ್ತೆ ಚಿಂಚೋಳಿ

“ಹಂಗಾದ್ರೆ ಮೂರನೇ ಹಳಿ ಹಾಕಿದ್ರೆ ಆಯ್ತಲ್ಲ?” ಒಳ್ಳೆ ಪ್ರಶ್ನೆ. ಕೆಲವೆಡೆ ಹಾಗೂ ಮಾಡಿದ್ರು. ಒಂದು ಹಳಿ ಎರಡಕ್ಕೂ, ಉಳಿದ ಎರಡು ಒಂದೊಂದಕ್ಕೆ. ಆದರೆ ಗಾಡಿ ಲೈನ್ ಬದಲಿಸೋ ಜಾಗದಲ್ಲಿ ಹಳಿಗಳ ಜಡೆ ತುಂಬಾ ಗೋಜಲಾಗುತ್ತೆ. ಸಣ್ಣ ಗಾಡಿ ಒಂದು ಬದಿಗೇ ಸರಿದು ಓಡೋದರಿಂದ ಪ್ಲಾಟ್‌ಫಾರ್ಮ್ ಹೊಂದಲ್ಲ, ಎರಡು ಬಗೆಯ ಗಾಡಿಗಳ ಕೊಂಡಿಯೂ ಕೂಡಲ್ಲ. ಯಾರ್ಡ್ ಒಳಗೆ ಸ್ವಲ್ಪ ದೂರಕ್ಕೆ ನಡೆಯುತ್ತೆ, ನೂರಾರು ಕಿ.ಮೀ.ಗೆ ಕಷ್ಟ.

ನಿಜಾಮರ ರೈಲ್ವೆಗೂ ಈ ಪಾಠ ತಿರುಗಿ ಬಂತು. ಅವರದೇ ಸಿಕಂದರಾಬಾದ್–ಮನ್ಮಾಡ್ ಲೈನ್ ಮೀಟರ್ ಗೇಜ್ ಆಯ್ತು, ಮನ್ಮಾಡ್‌ನಲ್ಲಿ ಜಿಐಪಿ ಎದುರು ಚೀಲ ಇಳಿಸೋ ಕೆಲಸ ಶುರುವಾಯ್ತು. 1992ರಲ್ಲಿ ಭಾರತ ಸರ್ಕಾರ ಎಲ್ಲವನ್ನೂ ಒಂದೇ ಗೇಜ್‌ಗೆ ತರೋ ಯೋಜನೆ ಹಿಡೀತು. ಹೋಟಗಿ–ಗದಗ ಲೈನ್ ಪೂರ್ತಿ ಬ್ರಾಡ್ ಗೇಜ್ ಆಗಿದ್ದು 2000ರ ದಶಕದಲ್ಲಿ. ವಾಡಿಗೆ 1874ರಲ್ಲೇ ಸಿಕ್ಕಿದ್ದು ಅಲ್ಲಿಗೆ ಬರೋಕೆ ನೂರು ವರ್ಷ ಮೀರಿ ಹಿಡೀತು. ಈಗ ವಾಡಿ, ಸೇಡಂ ಸಿಮೆಂಟ್ ಎಲ್ಲಿ ತುಂಬಿದ್ದೋ ಅದೇ ವ್ಯಾಗನ್‌ನಲ್ಲಿ ದೇಶದ ಉದ್ದಕ್ಕೂ ಹೋಗುತ್ತೆ.

ಆದರೆ ಚಿಂಚೋಳಿ ಗೆಳೆಯರು ಕೇಳ್ತಾರೆ, “ನಮಗೆ ಯಾವ ಗೇಜ್?” ಯಾವುದೂ ಇಲ್ಲ. ರೈಲು ಹತ್ತೋಕೆ ತಾಂಡೂರಿಗೋ ಸೇಡಂಗೋ ಬರಬೇಕು. ಅಂದ್ರೆ ಅವರ ತೊಗರಿ ಚೀಲಕ್ಕೆ ಇವತ್ತಿಗೂ ಒಂದು ‘ಹೋಟಗಿ’ ಇದೆ. ಲಾರಿಯಿಂದ ಇಳಿಸು, ವ್ಯಾಗನ್‌ಗೆ ಏರಿಸು. ಹಳಿಯ ಅಳತೆ ಬದಲಾದ ಜಾಗದಲ್ಲಿ ಆಗ್ತಿದ್ದ ಕೆಲಸವೇ ಹಳಿ ಮುಗಿದ ಜಾಗದಲ್ಲೂ ನಡೆಯುತ್ತೆ.

ನಿಮ್ಮ ಮನೆ ಹಿರಿಯರು ಹೋಟಗಿಯಲ್ಲೋ ಮನ್ಮಾಡ್‌ನಲ್ಲೋ ಗಾಡಿ ಬದಲಿಸಿದ್ದು ನೆನಪಿದ್ದರೆ ಕೇಳಿ, ಕಾಮೆಂಟ್‌ನಲ್ಲಿ ಹಾಕಿ. 👇 ಸರಣಿ ಸೇವ್ ಮಾಡಿ, ಕ್ಲಾಸ್ ಗ್ರೂಪ್‌ಗೆ ಕಳಿಸಿ.

#ವಾಡಿಜಂಕ್ಷನ್ #ಸೇಡಂ #ಚಿತ್ತಾಪುರ #ಶಹಾಬಾದ್ #ಚಿಂಚೋಳಿ #ನಮ್ಮಊರಇತಿಹಾಸ #ರೈಲುಕಥೆ