ಉಸಿರಿನ ಅಂಕಿಗಳನ್ನು ಓದುವ ಬಗೆ: ಸ್ಪೈರೋಮೆಟ್ರಿಯಲ್ಲಿ ಅಡಚಣೆ ಮತ್ತು ನಿರ್ಬಂಧ

ಸ್ಪೈರೋಮೆಟ್ರಿ ಎಂದರೇನು

ಮನುಷ್ಯ ಎಷ್ಟು ಗಾಳಿಯನ್ನು ಎಷ್ಟು ವೇಗವಾಗಿ ಹೊರಹಾಕಬಲ್ಲ ಎಂಬುದನ್ನು ಅಳೆಯುವ ಪರೀಕ್ಷೆಯೇ ಸ್ಪೈರೋಮೆಟ್ರಿ. ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್‌ಸನ್ 1846ರಲ್ಲಿ ಇದರ ಉಪಕರಣವನ್ನು ವಿವರಿಸಿದ. ಇಂದಿನ ಯಂತ್ರ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿದ್ದರೂ ಪರೀಕ್ಷೆಯ ತತ್ತ್ವ ಬದಲಾಗಿಲ್ಲ. ವ್ಯಕ್ತಿ ಎದೆ ತುಂಬುವಷ್ಟು ಉಸಿರೆಳೆದುಕೊಂಡು, ಕೊಳವೆಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿದು, ಪೂರ್ಣ ಬಲದಿಂದ ಗಾಳಿ ಮುಗಿಯುವವರೆಗೂ ಊದುತ್ತಾನೆ.

ಯಂತ್ರ ಹಲವು ಸಂಖ್ಯೆಗಳನ್ನು ಮುದ್ರಿಸಿಕೊಡುತ್ತದೆ. ಅವುಗಳಲ್ಲಿ ಮೂರು ಮುಖ್ಯವಾದವು. ಒಟ್ಟು ಹೊರಬಂದ ಗಾಳಿಯ ಪ್ರಮಾಣವನ್ನು FVC ಎಂದು, ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಪ್ರಮಾಣವನ್ನು FEV1 ಎಂದು ವರದಿಯಲ್ಲಿ ನಮೂದಿಸುತ್ತಾರೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ FEV1/FVC ಎಂಬ ಅನುಪಾತ ಸಿಗುತ್ತದೆ. ರೋಗಿಗೆ ತಿಳಿಯುವ ವಿವರಣಾ ಪತ್ರವನ್ನು ಈ ಮೂರರಿಂದಲೇ ಸಿದ್ಧಪಡಿಸಬಹುದು.

 ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿಯೂ ನೆರೆಯ ಸೊರಬ ತಾಲ್ಲೂಕಿನಲ್ಲಿಯೂ ಕಟ್ಟಿಗೆಯ ಒಲೆ, ಅಡಿಕೆ ಬೇಯಿಸುವ ಹಂಡೆಯ ಹೊಗೆ, ಭತ್ತ ಒಕ್ಕುವಾಗಿನ ಧೂಳು ಬದುಕಿನ ಭಾಗವಾಗಿವೆ. ಉಬ್ಬಸವೆಂದು ಆಸ್ಪತ್ರೆಗೆ ಬರುವ ಇಲ್ಲಿಯವರ ಕೈಗೆ ಸಿಗುವ ವರದಿಯನ್ನು ಹೇಗೆ ಓದಬೇಕು ಎಂಬುದು ಈ ಲೇಖನದ ವಿಷಯ.

ಎರಡು ಮಾದರಿಗಳ ವ್ಯತ್ಯಾಸ

ಶ್ವಾಸನಾಳಗಳು ಕಿರಿದಾದಾಗ ಗಾಳಿ ನಿಧಾನವಾಗಿ ಹೊರಬರುತ್ತದೆ. ಇದು ಅಡಚಣೆಯ ಮಾದರಿ. ಆಸ್ಪತ್ರೆಯಲ್ಲಿ ಇದನ್ನು ಅಬ್‌ಸ್ಟ್ರಕ್ಟಿವ್ ಎನ್ನುತ್ತಾರೆ. ಅಸ್ತಮಾ ಮತ್ತು ಸಿಒಪಿಡಿ ಎಂದು ಕರೆಯಲಾಗುವ ದೀರ್ಘಕಾಲಿಕ ಶ್ವಾಸಕೋಶ ರೋಗ ಈ ಗುಂಪಿಗೆ ಸೇರುತ್ತವೆ. ಶ್ವಾಸಕೋಶವೇ ಪೂರ್ತಿ ಹಿಗ್ಗದಿದ್ದಾಗ ಒಳಗೆ ಹಿಡಿಸುವ ಗಾಳಿಯೇ ಕಡಿಮೆಯಾಗುತ್ತದೆ. ಇದು ನಿರ್ಬಂಧದ ಮಾದರಿ, ಅಂದರೆ ರೆಸ್ಟ್ರಿಕ್ಟಿವ್. ಶ್ವಾಸಕೋಶದ ಅಂಗಾಂಶ ಗಟ್ಟಿಯಾಗುವುದು, ಕ್ಷಯ ವಾಸಿಯಾದ ಮೇಲೆ ಉಳಿದ ಕಲೆ, ಬೆನ್ನುಮೂಳೆಯ ಡೊಂಕು, ಅತಿಯಾದ ಬೊಜ್ಜು, ಉಸಿರಾಟದ ಸ್ನಾಯುಗಳ ದೌರ್ಬಲ್ಯ ಇವೆಲ್ಲ ಇದಕ್ಕೆ ಕಾರಣವಾಗಬಹುದು. ಮೊದಲನೆಯದು ಕತ್ತು ಕಿರಿದಾದ ಕೊಡ, ಎರಡನೆಯದು ಕೊಡವೇ ಚಿಕ್ಕದು.

ಆದ್ದರಿಂದ ಓದುವವರು ಮೊದಲು ಅನುಪಾತವನ್ನು ನೋಡುತ್ತಾರೆ. ಅಡಚಣೆಯಿದ್ದಾಗ FEV1 ಹೆಚ್ಚು ಕುಸಿಯುತ್ತದೆ, FVC ಅಷ್ಟು ಕುಸಿಯುವುದಿಲ್ಲ. ಹೀಗಾಗಿ ಅನುಪಾತ ಇಳಿಯುತ್ತದೆ. ನಿರ್ಬಂಧದಲ್ಲಿ ಎರಡೂ ಒಟ್ಟಿಗೆ ಕುಗ್ಗುವುದರಿಂದ ಅನುಪಾತ ಸಹಜವಾಗಿಯೇ ಉಳಿಯುತ್ತದೆ ಅಥವಾ ತುಸು ಏರುತ್ತದೆ. ಅನುಪಾತ ಕಡಿಮೆಯಿದ್ದರೆ ಅಡಚಣೆ. ಅನುಪಾತ ಸರಿಯಿದ್ದು FVC ಕಡಿಮೆಯಿದ್ದರೆ ನಿರ್ಬಂಧದ ಸಂದೇಹ. ಎರಡನೆಯ ವಾಕ್ಯದಲ್ಲಿ ‘ಸಂದೇಹ’ ಎಂಬ ಪದವನ್ನು ಬಿಡುವಂತಿಲ್ಲ; ಕಾರಣ ಮುಂದೆ ಬರುತ್ತದೆ.

ಅಂಕಿಗಿಂತ ಮೊದಲು ರೇಖೆ

ಸ್ಪೈರೋಮೆಟ್ರಿ ರೋಗಿಯ ಶ್ರಮವನ್ನು ಅವಲಂಬಿಸಿದ ಪರೀಕ್ಷೆ. ರಕ್ತದ ಸಕ್ಕರೆ ಅಳೆಯುವಾಗ ರೋಗಿ ಏನನ್ನೂ ಮಾಡಬೇಕಿಲ್ಲ. ಇಲ್ಲಿ ಆತ ಸರಿಯಾಗಿ ಊದದಿದ್ದರೆ ಯಂತ್ರ ತಪ್ಪು ಅಂಕಿಯನ್ನೇ ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ಹಾಗಾಗಿ ವಿವರಣಾ ಪತ್ರದ ಮೊದಲ ಸಾಲು ಪರೀಕ್ಷೆಯ ಗುಣಮಟ್ಟಕ್ಕೆ ಮೀಸಲಾಗಬೇಕು.

ಅಮೆರಿಕನ್ ಥೊರಾಸಿಕ್ ಸೊಸೈಟಿ ಮತ್ತು ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿ 2019ರಲ್ಲಿ ಜಂಟಿಯಾಗಿ ಪ್ರಕಟಿಸಿದ ಮಾನದಂಡದಂತೆ, ವಯಸ್ಕರಲ್ಲಿ ಒಪ್ಪಬಹುದಾದ ಮೂರು ಊದುಗಳಾದರೂ ದೊರೆಯಬೇಕು. ಅವುಗಳಲ್ಲಿ ಅತಿ ದೊಡ್ಡ ಎರಡರ ನಡುವಿನ ಅಂತರ FVCಯಲ್ಲಿಯೂ FEV1ನಲ್ಲಿಯೂ 150 ಮಿಲಿಲೀಟರ್ ಮೀರಬಾರದು. ಊದುವಿಕೆ ಮುಗಿದಿದೆಯೇ ಎಂಬುದನ್ನು ಕಾಲ ಮತ್ತು ಗಾತ್ರದ ರೇಖೆ ಹೇಳುತ್ತದೆ. ರೇಖೆ ಏರುತ್ತ ಹೋಗಿ ಕೊನೆಗೆ ಸಮತಟ್ಟಾಗಬೇಕು. ಕೊನೆಯ ಒಂದು ಸೆಕೆಂಡಿನಲ್ಲಿ 25 ಮಿಲಿಲೀಟರಿಗಿಂತ ಹೆಚ್ಚು ಗಾಳಿ ಬಂದಿದ್ದರೆ ಇನ್ನೂ ಊದುವುದು ಬಾಕಿ ಇತ್ತೆಂದು ಅರ್ಥ.

ಎರಡು ತಪ್ಪುಗಳು ಸಾಮಾನ್ಯ. ಒಂದು, ಆರಂಭದಲ್ಲಿ ಎದೆ ತುಂಬ ಉಸಿರೆಳೆಯದಿರುವುದು; ಆಗ ಎರಡೂ ಅಂಕಿಗಳು ಕುಗ್ಗಿ, ಅನುಪಾತ ಸರಿಯಿದ್ದು, ಆರೋಗ್ಯವಂತನೂ ನಿರ್ಬಂಧದ ರೋಗಿಯಂತೆ ಕಾಣುತ್ತಾನೆ. ಇನ್ನೊಂದು, ಗಾಳಿ ಮುಗಿಯುವ ಮೊದಲೇ ನಿಲ್ಲಿಸುವುದು. ಇದು ಹೆಚ್ಚು ಅಪಾಯಕಾರಿ. ಏಕೆಂದರೆ FEV1 ಹಾಗೆಯೇ ಉಳಿದು FVC ಮಾತ್ರ ಕೃತಕವಾಗಿ ಕುಗ್ಗುತ್ತದೆ, ಅನುಪಾತ ಏರುತ್ತದೆ, ಇದ್ದ ಅಡಚಣೆ ಮರೆಯಾಗುತ್ತದೆ.

ಒಂದು ಉದಾಹರಣೆ

ಮುಂದಿನ ಅಂಕಿಗಳು ವಿವರಣೆಗಾಗಿ ರೂಪಿಸಿದವು. ಉಡುತಡಿ ಕಡೆಯ 58 ವರ್ಷದ ಗೃಹಿಣಿಯೊಬ್ಬರು, 152 ಸೆಂಟಿಮೀಟರ್ ಎತ್ತರ, ಬೀಡಿ ಸಿಗರೇಟು ಸೇದಿದವರಲ್ಲ. ಏಣಿ ಮೆಟ್ಟಿಲು ಹತ್ತಿದರೆ ಏದುಸಿರು. ನಲವತ್ತು ವರ್ಷ, ದಿನಕ್ಕೆ ಸುಮಾರು ಮೂರು ತಾಸು ಕಟ್ಟಿಗೆಯ ಒಲೆಯ ಮುಂದೆ ಕಳೆದವರು. ಅವರ ವಯಸ್ಸು, ಎತ್ತರ, ಲಿಂಗಕ್ಕೆ ನಿರೀಕ್ಷಿತ FVC 2.30 ಲೀಟರ್, ಅದರ ಸಹಜ ಕೆಳಮಿತಿ 1.75, ನಿರೀಕ್ಷಿತ FEV1 1.85, ಕೆಳಮಿತಿ 1.40, ಅನುಪಾತದ ಕೆಳಮಿತಿ 0.69 ಎಂದಿಟ್ಟುಕೊಳ್ಳೋಣ. ಕೆಳಮಿತಿಯನ್ನು ವರದಿಯಲ್ಲಿ LLN ಎಂದು ಬರೆದಿರುತ್ತದೆ. ಅಂತಹ ಆರೋಗ್ಯವಂತರಲ್ಲಿ ನೂರಕ್ಕೆ ಐವರು ಮಾತ್ರ ಅದಕ್ಕಿಂತ ಕೆಳಗಿರುತ್ತಾರೆ.

ಮೊದಲ ಊದಿನಲ್ಲಿ ಆಕೆ ಎರಡೇ ಸೆಕೆಂಡಿಗೆ ಕೆಮ್ಮು ಬಂದು ನಿಲ್ಲಿಸುತ್ತಾರೆ. FEV1 1.05, FVC 1.40, ಅನುಪಾತ 0.75. ಅನುಪಾತ ಸಹಜ, FVC ಕಡಿಮೆ. ಅಂಕಿಗಳನ್ನಷ್ಟೇ ನೋಡಿದವರು ‘ನಿರ್ಬಂಧದ ಸಂದೇಹ’ ಎಂದು ಬರೆದುಬಿಡುತ್ತಾರೆ.

ತಂತ್ರಜ್ಞರು ರೇಖೆ ಸಮತಟ್ಟಾಗಿಲ್ಲವೆಂದು ಗಮನಿಸಿ, ಸ್ವಲ್ಪ ಹೊತ್ತು ಕೂರಿಸಿ, ‘ಅಮ್ಮಾ, ಇನ್ನೂ ಊದಿ, ಇನ್ನೂ ಊದಿ’ ಎಂದು ಹುರಿದುಂಬಿಸಿ ಮತ್ತೆ ಮಾಡಿಸುತ್ತಾರೆ. ಈ ಬಾರಿ ಒಂಬತ್ತು ಸೆಕೆಂಡು. FEV1 ಅದೇ 1.05, FVC ಮಾತ್ರ 1.90ಕ್ಕೆ ಏರಿದೆ. ಅನುಪಾತ 0.55. ಇನ್ನೆರಡು ಊದುಗಳಲ್ಲಿ 1.02 ಮತ್ತು 1.86, 1.00 ಮತ್ತು 1.80 ಬಂದಿವೆ, ಅಂತರಗಳು ಮಿತಿಯೊಳಗಿವೆ. ಅನುಪಾತ ಕೆಳಮಿತಿಗಿಂತ ಬಹಳ ಕೆಳಗೆ, FVC ಸಹಜ. ಇದು ಸ್ಪಷ್ಟ ಅಡಚಣೆ. ಶ್ವಾಸಕೋಶ ಅದೇ, ವ್ಯಕ್ತಿ ಅದೇ. ಹೆಚ್ಚುವರಿ ಏಳು ಸೆಕೆಂಡಿನ ಊದು ತೀರ್ಪನ್ನೇ ತಿರುಗಿಸಿತು.

ಮುಂದಿನ ಹೆಜ್ಜೆ ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು ಮತ್ತೆ ಅಳೆಯುವುದು. ಸಾಮಾನ್ಯವಾಗಿ ಸಾಲ್‌ಬ್ಯುಟಮಾಲ್ 400 ಮೈಕ್ರೋಗ್ರಾಂ ಕೊಟ್ಟು ಕನಿಷ್ಠ ಹದಿನೈದು ನಿಮಿಷ ಕಾಯುತ್ತಾರೆ. ಈಗ FEV1 1.13, FVC 1.98. ಏರಿಕೆ ತಲಾ 80 ಮಿಲಿಲೀಟರ್. ಅದೇ ಎರಡು ಸೊಸೈಟಿಗಳ 2005ರ ಸೂತ್ರದಂತೆ ಏರಿಕೆ ಗಣನೀಯವೆನಿಸಲು ಮೂಲ ಅಂಕಿಯ ಶೇಕಡ 12 ಮತ್ತು ಜೊತೆಗೆ 200 ಮಿಲಿಲೀಟರ್ ಇರಬೇಕು. ಅವುಗಳ ಹೊಸ ಸೂತ್ರದಂತೆ ನಿರೀಕ್ಷಿತ ಅಂಕಿಯ ಶೇಕಡ 10ನ್ನು ಮೀರಬೇಕು, ಇಲ್ಲಿ 1.85ರಲ್ಲಿ 0.08 ಶೇಕಡ 4ರ ಆಸುಪಾಸು ಮಾತ್ರ. ಎರಡರಲ್ಲಿಯೂ ಸಾಲದು. ಔಷಧದ ನಂತರದ ಅನುಪಾತ 0.57, ಸಿಒಪಿಡಿ ಗುರುತಿಸಲು ವೈದ್ಯರು ಬಳಸುವ 0.70ರ ಗೆರೆಗಿಂತ ಇದು ಕೆಳಗೇ ಉಳಿದಿದೆ.

ಧೂಮಪಾನವಿಲ್ಲದವರಲ್ಲಿ ಇದು ಹೇಗೆ ಎಂಬ ಪ್ರಶ್ನೆಗೆ ಒಲೆಯೇ ಉತ್ತರ. ದಿನಕ್ಕೆ ಒಲೆಯ ಮುಂದೆ ಕಳೆದ ತಾಸುಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದರೆ ಹೊಗೆಯ ಸೂಚ್ಯಂಕ ಬರುತ್ತದೆ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ, ದೀರ್ಘಕಾಲಿಕ ಬ್ರಾಂಕೈಟಿಸ್‌ನ ಅಪಾಯಕ್ಕೆ ಈ ಸೂಚ್ಯಂಕ 60 ಎಂಬ ಹೊಸ್ತಿಲನ್ನು ಗುರುತಿಸಿತು. ನಮ್ಮ ಉದಾಹರಣೆಯಲ್ಲಿ ಅದು 120.

FVC ಕಡಿಮೆಯಿದ್ದಾಗ

ನಿರ್ಬಂಧವನ್ನು ಸ್ಪೈರೋಮೆಟ್ರಿ ಒಂದರಿಂದಲೇ ಸಾಧಿಸಿ ತೋರಿಸಲಾಗದು. ಎಷ್ಟೇ ಊದಿದರೂ ಶ್ವಾಸಕೋಶದಲ್ಲಿ ಸ್ವಲ್ಪ ಗಾಳಿ ಉಳಿದೇ ಇರುತ್ತದೆ. ಆ ಉಳಿಕೆಯನ್ನು ಈ ಯಂತ್ರ ಅಳೆಯುವುದಿಲ್ಲ. ನಿರ್ಬಂಧದ ನಿಜವಾದ ಲಕ್ಷಣ ಶ್ವಾಸಕೋಶದ ಒಟ್ಟು ಧಾರಣಶಕ್ತಿ ಕುಗ್ಗಿರುವುದು. ಅದಕ್ಕೆ ರೋಗಿಯನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಅಳೆಯುವ ಬಾಡಿ ಪ್ಲೆಥಿಸ್ಮೋಗ್ರಫಿಯಂತಹ ಪರೀಕ್ಷೆ ಬೇಕು.

ಕೆನಡಾದಲ್ಲಿ 1,831 ರೋಗಿಗಳ ದಾಖಲೆ ನೋಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತನ್ನು ಅಂಕಿಗಳಲ್ಲಿ ಹೇಳಿತು. FVC ಸಹಜವಿದ್ದವರಲ್ಲಿ ನಿರ್ಬಂಧ ಇಲ್ಲವೆಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದಿತ್ತು. ಆದರೆ FVC ಕಡಿಮೆಯಿದ್ದು ಅನುಪಾತ ಸರಿಯಿದ್ದವರಲ್ಲೂ ನಿಜವಾದ ನಿರ್ಬಂಧ ಇದ್ದದ್ದು ನೂರಕ್ಕೆ ಸುಮಾರು 58 ಮಂದಿಗೆ. ಅಂದರೆ ಈ ಪರೀಕ್ಷೆ ನಿರ್ಬಂಧವನ್ನು ತಳ್ಳಿಹಾಕಲು ಬಲವುಳ್ಳದ್ದು, ಸಾಧಿಸಲು ದುರ್ಬಲ.

ಅನುಪಾತವೂ FVCಯೂ ಒಟ್ಟಿಗೆ ಕಡಿಮೆಯಾದಾಗ ‘ಮಿಶ್ರ ಮಾದರಿ’ ಎಂದು ಬರೆಯುವ ಅವಸರ ಬೇಡ. ತೀವ್ರ ಅಡಚಣೆಯಲ್ಲಿ ಗಾಳಿ ಒಳಗೇ ಸಿಕ್ಕಿಕೊಂಡು FVC ಕುಗ್ಗುವುದು ಸಾಮಾನ್ಯ. ‘ಅಡಚಣೆ ಇದೆ, FVC ಇಳಿದಿರುವುದು ಸಿಕ್ಕಿಕೊಂಡ ಗಾಳಿಯಿಂದಿರಬಹುದು’ ಎಂಬ ವಾಕ್ಯ ಪ್ರಾಮಾಣಿಕವಾದದ್ದು.

ಹೋಲಿಕೆಯ ಅಳತೆಗೋಲು

ಕಡಿಮೆ ಎಂದರೆ ಯಾರಿಗಿಂತ ಕಡಿಮೆ? ಯಂತ್ರದೊಳಗೆ ಯಾವ ಜನಸಮೂಹದ ನಿರೀಕ್ಷಿತ ಅಂಕಿಗಳಿವೆ ಎಂಬುದರ ಮೇಲೆ ಉತ್ತರ ನಿಂತಿದೆ. ಒಂದೇ ಎತ್ತರದ ಯುರೋಪಿನವರಿಗಿಂತ ಭಾರತೀಯರ FVC ಸರಾಸರಿಯಲ್ಲಿ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ; ಬಾಲ್ಯದ ಪೋಷಣೆ, ದೇಹದ ಪ್ರಮಾಣ, ಹೊಗೆಯ ಪಾಲು ಎಷ್ಟೆಷ್ಟು ಎಂಬ ಚರ್ಚೆ ಮುಗಿದಿಲ್ಲ. ಅರವತ್ತು ವರ್ಷದ, 160 ಸೆಂಟಿಮೀಟರ್ ಎತ್ತರದ ಸೊರಬದ ರೈತನೊಬ್ಬನ FVC 2.55 ಲೀಟರ್ ಎಂದಿರಲಿ. ಯುರೋಪಿನ ಅಳತೆಗೋಲಿನಲ್ಲಿ ಕೆಳಮಿತಿ 2.65ರ ಆಸುಪಾಸು ಬಂದರೆ ಆತ ನಿರ್ಬಂಧದ ಶಂಕಿತ. ಏಷ್ಯಾದ ಜನರ ಅಳತೆಗೋಲಿನಲ್ಲಿ ಅದು 2.25ರ ಆಸುಪಾಸು ಬಂದರೆ ಆತ ಸಹಜ. ಅನುಪಾತ ಮಾತ್ರ ಯಾವ ಅಳತೆಗೋಲಿನಲ್ಲೂ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಅಳತೆಗೋಲು ತಪ್ಪಿದಾಗ ಹುಟ್ಟುವುದು ಹೆಚ್ಚಾಗಿ ಸುಳ್ಳು ನಿರ್ಬಂಧ.

ದೆಹಲಿಯ ಸಂಶೋಧಕರು 2014ರಲ್ಲಿ ಉತ್ತರ ಭಾರತದವರಿಗಾಗಿ ಸೂತ್ರಗಳನ್ನು ಪ್ರಕಟಿಸಿದ್ದಾರೆ. ಜಾಗತಿಕ ತಂಡವೊಂದು GLI-2012 ಎಂಬ ಸೂತ್ರಗಳನ್ನೂ, ನಂತರ ಜನಾಂಗವನ್ನು ಪರಿಗಣಿಸದ ಇನ್ನೊಂದು ಸೂತ್ರವನ್ನೂ ಕೊಟ್ಟಿದೆ. ಯಾವುದನ್ನು ಬಳಸಿದರೂ ಅದರ ಹೆಸರು ಪತ್ರದಲ್ಲಿರಬೇಕು. ಎತ್ತರವನ್ನು ಕೇಳಿ ಬರೆದುಕೊಳ್ಳದೆ ಅಳೆಯಬೇಕು; ಬೆನ್ನು ಬಾಗಿದ ಹಿರಿಯರಲ್ಲಿ ಚಾಚಿದ ತೋಳುಗಳ ಅಗಲದಿಂದ ಎತ್ತರವನ್ನು ಅಂದಾಜಿಸಬೇಕು.

ವಿವರಣಾ ಪತ್ರದ ರೂಪ

ಮೇಲಿನ ಗೃಹಿಣಿಯ ಪತ್ರ ಹೀಗಿರಬಹುದು: ‘ಪರೀಕ್ಷೆಯ ಗುಣಮಟ್ಟ ಉತ್ತಮ; ಮೂರು ಊದುಗಳು ಹೊಂದುತ್ತವೆ. ಅನುಪಾತ 0.55, ಕೆಳಮಿತಿಗಿಂತ ಕಡಿಮೆ: ಅಡಚಣೆ ಇದೆ. FVC ಸಹಜ: ನಿರ್ಬಂಧದ ಸೂಚನೆ ಇಲ್ಲ. FEV1 ಮಧ್ಯಮ ಮಟ್ಟದಲ್ಲಿ ಕುಸಿದಿದೆ. ಔಷಧದಿಂದ ಗಣನೀಯ ಏರಿಕೆ ಕಂಡಿಲ್ಲ. ರೋಗದ ಹೆಸರನ್ನು ಲಕ್ಷಣ ಮತ್ತು ಹೊಗೆಯ ಇತಿಹಾಸದೊಂದಿಗೆ ವೈದ್ಯರು ನಿರ್ಧರಿಸಬೇಕು.’

ಕೊನೆಯ ವಾಕ್ಯ ಔಪಚಾರಿಕವಾದದ್ದಲ್ಲ. ಸ್ಪೈರೋಮೆಟ್ರಿ ಮಾದರಿಯನ್ನು ಗುರುತಿಸುತ್ತದೆ, ರೋಗವನ್ನಲ್ಲ; ಅಸ್ತಮಾ ಇರುವವರ ವರದಿ ರೋಗ ಶಾಂತವಾಗಿರುವ ದಿನ ಪೂರ್ತಿ ಸಹಜವಾಗಿರಬಹುದು. ವರದಿ ಪಡೆಯುವಾಗ ಅಂಕಿಗಳ ಜೊತೆ ರೇಖೆಗಳಿರುವ ಹಾಳೆಯನ್ನೂ ಕೇಳಿ ಪಡೆದು ಇಟ್ಟುಕೊಳ್ಳಿ. ಮುಂದಿನ ಬಾರಿ ನೋಡುವ ವೈದ್ಯರು ಮೊದಲು ಹುಡುಕುವುದು ಅದನ್ನೇ.